ಮೂರು ಫೋನು, ಮೂರು ಲೆಕ್ಕ

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಮ್ಯಾನೇಜರ್, 14 ವರ್ಷದ ಅನುಭವ. ಒಂದೇ ವಾರದಲ್ಲಿ ಮೂರು ಜನ ಫೋನ್ ಮಾಡಿದರು. ಒಬ್ಬರು ಒಂದು ಕಂಪನಿಯ ಎಚ್‌ಆರ್, ಒಬ್ಬರು ಕನ್ಸಲ್ಟೆನ್ಸಿಯವರು, ಮತ್ತೊಬ್ಬರು ‘ಎಕ್ಸಿಕ್ಯುಟಿವ್ ಸರ್ಚ್’ ಅಂದರು. ಮೂವರಿಗೂ ಒಂದೇ ಥರ ಸಿಟಿಸಿ, ನೋಟಿಸ್ ಪೀರಿಯಡ್ ಹೇಳಿ, ‘ಪ್ಯಾಕೇಜ್ ಎಷ್ಟು ಕೊಡ್ತಾರೆ’ ಅಂತ ಕೇಳಿದೆ. ಎಚ್‌ಆರ್ ಸುಮ್ಮನಾದರು. ಕನ್ಸಲ್ಟೆನ್ಸಿಯವರು ದಿನಕ್ಕೆ ನಾಲ್ಕು ಸಲ ಫೋನ್ ಮಾಡ್ತಿದ್ದಾರೆ. ಮೂರನೆಯವರು ‘ಮತ್ತೆ ಮಾತಾಡೋಣ’ ಅಂತ ಹೇಳಿ ಮಾಯ. ಯಾರ ಹತ್ರ ಹೇಗೆ ಮಾತಾಡಬೇಕು, ಏನು ಕೇಳಬೇಕು?

ಉತ್ತರ: ನಿಮ್ಮ ಆ ಮಾತು ಕನ್ಸಲ್ಟೆನ್ಸಿಯವರಿಗೆ ಮುಕ್ಕಾಲು ಪಾಲು ಸರಿಯಾಗಿತ್ತು. ಅದನ್ನೇ ಉಳಿದ ಇಬ್ಬರಿಗೂ ಹೇಳಿದಿರಿ, ಅಷ್ಟೇ ಆಗಿದ್ದು. ಅವರು ಮೂವರೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಆದರೆ ಅವರಿಗೆ ದುಡ್ಡು ಕೊಡೋರು ಯಾರು, ಯಾವಾಗ, ಯಾತಕ್ಕೆ ಅನ್ನೋದು ಬೇರೆ ಬೇರೆ. ಅದು ಗೊತ್ತಾದರೆ ಅವರ ನಡವಳಿಕೆಯೆಲ್ಲ ಅರ್ಥವಾಗುತ್ತದೆ. ನಾನು ಶುರು ಮಾಡಿದ್ದು ಕನ್ಸಲ್ಟೆನ್ಸಿಯಲ್ಲಿ. ಆಮೇಲೆ ಒಂದು ಕಂಪನಿಯೊಳಗೆ ನೇಮಕಾತಿ ನೋಡಿಕೊಂಡೆ. ಕೊನೆಯ ಕೆಲವು ವರ್ಷ ಸರ್ಚ್ ಕೆಲಸ. ಮೂರೂ ಕುರ್ಚಿಯಿಂದ ನಿಮ್ಮಂಥವರಿಗೆ ಫೋನ್ ಮಾಡಿದ್ದೇನೆ.

ಕನ್ಸಲ್ಟೆನ್ಸಿಯಿಂದಲೇ ಶುರು ಮಾಡೋಣ. ಜಾಸ್ತಿ ಎಡವಟ್ಟು ಆಗೋದು ಅಲ್ಲೇ.

ನಮ್ಮಲ್ಲಿ ಕನ್ಸಲ್ಟೆನ್ಸಿಯ ಫೀಸು ಅಂದರೆ ಎಲ್ಲರ ಬಾಯಲ್ಲೂ ಬರುವ ಅಂಕಿ 8.33 ಪರ್ಸೆಂಟ್. ವರ್ಷದ ಸಿಟಿಸಿಯನ್ನು ಹನ್ನೆರಡರಿಂದ ಭಾಗಿಸಿದರೆ ಬರೋದು ಅದೇ, ಅಂದರೆ ಒಂದು ತಿಂಗಳ ಸಂಬಳ. ದೊಡ್ಡ ಹುದ್ದೆಗೆ, ಜನ ಸಿಗದ ಹುದ್ದೆಗೆ ಇನ್ನೂ ಹೆಚ್ಚು. ನಿಮಗೆ 48 ಲಕ್ಷಕ್ಕೆ ಆಫರ್ ಆದರೆ ಅವರಿಗೆ 4 ಲಕ್ಷ, ಮೇಲೆ ಜಿಎಸ್‌ಟಿ. ಈ ದುಡ್ಡು ಕೊಡೋದು ಕಂಪನಿ, ನೀವಲ್ಲ. ರಿಜಿಸ್ಟ್ರೇಷನ್, ಟ್ರೈನಿಂಗ್, ಡಾಕ್ಯುಮೆಂಟ್ ಅಂತ ನಿಮ್ಮ ಹತ್ರ ಒಂದು ರೂಪಾಯಿ ಕೇಳಿದರೂ ಫೋನ್ ಇಟ್ಟುಬಿಡಿ.

ಆ 4 ಲಕ್ಷ ಅವರಿಗೆ ನೀವು ಇಂಟರ್‌ವ್ಯೂ ಕೊಟ್ಟರೂ ಬರಲ್ಲ, ಆಫರ್ ಒಪ್ಪಿದರೂ ಬರಲ್ಲ. ನೀವು ಆ ಕಂಪನಿಯ ಗೇಟು ದಾಟಿ ಒಳಗೆ ಹೋದ ಮೇಲೇ ಬಿಲ್ಲು. ಅದರಲ್ಲೂ ರಿಪ್ಲೇಸ್‌ಮೆಂಟ್ ಅಂತ ಒಂದು ಷರತ್ತು ಇರುತ್ತದೆ. ಸಾಮಾನ್ಯವಾಗಿ 90 ದಿನದೊಳಗೆ ನೀವು ಬಿಟ್ಟರೆ ಅವರು ಪುಕ್ಕಟೆಯಾಗಿ ಇನ್ನೊಬ್ಬರನ್ನು ಹುಡುಕಿಕೊಡಬೇಕು, ಇಲ್ಲವೇ ದುಡ್ಡು ವಾಪಸ್ ಮಾಡಬೇಕು. ಜೊತೆಗೆ ಅದೇ ಹುದ್ದೆಯನ್ನು ಕಂಪನಿ ಇನ್ನೂ ನಾಲ್ಕೈದು ಕನ್ಸಲ್ಟೆನ್ಸಿಗೆ ಕೊಟ್ಟಿರುತ್ತದೆ. ಯಾರು ಮೊದಲು ನಿಮ್ಮ ರೆಸ್ಯೂಮೆ ಕಳಿಸುತ್ತಾರೋ ನೀವು ಅವರ ಲೆಕ್ಕಕ್ಕೆ. ಎರಡನೆಯವರಿಗೆ ಸೊನ್ನೆ.

ಈಗ ನಾಲ್ಕು ಸಲದ ಫೋನು ಅರ್ಥವಾಯಿತಲ್ವಾ? ಆ ಹುಡುಗಿಗೋ ಹುಡುಗನಿಗೋ ನಿಮ್ಮ ಮೇಲೆ ವಿಶೇಷ ಪ್ರೀತಿ ಅಂತಲ್ಲ. ಬೇರೆ ಯಾರಾದರೂ ನಿಮ್ಮನ್ನು ಕಳಿಸುವುದಕ್ಕೆ ಮೊದಲು ಅವರು ಕಳಿಸಬೇಕು. ಮುಂದೆ ನೀವು ಆಫರ್ ಒಪ್ಪಿದರೆ ಮೂರು ತಿಂಗಳ ನೋಟಿಸ್ ಪೀರಿಯಡ್ ಉದ್ದಕ್ಕೂ ವಾರಕ್ಕೊಮ್ಮೆ ‘ಹೇಗಿದ್ದೀರಾ ಸರ್’ ಅಂತ ವಿಚಾರಿಸುತ್ತಾರೆ. ಅಷ್ಟರೊಳಗೆ ನಿಮಗೆ ಇನ್ನೊಂದು ಆಫರ್ ಬಂದರೆ ಅವರ ಆರು ತಿಂಗಳ ಕೆಲಸ ನೀರುಪಾಲು.

ಹಾಗಾಗಿ ಇವರ ಹತ್ರ ಮಾತು ಚಿಕ್ಕದಾಗಿರಲಿ, ನೇರವಾಗಿರಲಿ. ಒಟ್ಟು ಅನುಭವ, ಟೀಮಿನಲ್ಲಿ ಎಷ್ಟು ಜನ, ಸಿಟಿಸಿ, ನೋಟಿಸ್, ಆಫೀಸು ಎಲ್ಲಿದ್ದರೆ ಬರಬಹುದು. ಇಷ್ಟನ್ನು ಎರಡು ನಿಮಿಷದಲ್ಲಿ ಹೇಳಿಬಿಡಿ. ಅವರು ಎಕ್ಸೆಲ್ ಶೀಟಿನ ಕಾಲಂ ತುಂಬುತ್ತಿರುತ್ತಾರೆ. ನಿಮ್ಮ ವೃತ್ತಿಜೀವನದ ಕಥೆಗೆ ಅಲ್ಲಿ ಕಾಲಂ ಇಲ್ಲ. ಸಿಟಿಸಿ ಹೇಳುವಾಗ ಫಿಕ್ಸೆಡ್ ಎಷ್ಟು, ವೇರಿಯಬಲ್ ಎಷ್ಟು, ಷೇರು ಎಷ್ಟು ಅಂತ ಬಿಡಿಸಿ ಹೇಳಿ. ಒಟ್ಟಾಗಿ ಹೇಳಿದರೆ ಅವರು ಹಾಗೇ ಬರೆದುಕೊಳ್ಳುತ್ತಾರೆ, ಕೊನೆಗೆ ಪೇಸ್ಲಿಪ್ ನೋಡಿದಾಗ ನೀವೇ ಸುಳ್ಳು ಹೇಳಿದ ಹಾಗೆ ಕಾಣುತ್ತದೆ.

ಅವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಪ್ಯಾಕೇಜ್ ಅಲ್ಲ. ‘ಯಾವ ಕಂಪನಿ? ನನ್ನ ರೆಸ್ಯೂಮೆಯನ್ನು ನಾನು ಹೂಂ ಅನ್ನುವ ಮೊದಲು ಯಾರಿಗೂ ಕಳಿಸಿಲ್ಲ ತಾನೆ?’ ಇದು ಮೊದಲು. ‘ಔಟರ್ ರಿಂಗ್ ರೋಡಿನ ಒಂದು ಲೀಡಿಂಗ್ ಪ್ರಾಡಕ್ಟ್ ಕಂಪನಿ ಸರ್’ ಅನ್ನುವ ಉತ್ತರಕ್ಕೆ ಒಪ್ಪಬೇಡಿ.

ಇದನ್ನು ಇಷ್ಟು ಒತ್ತಿ ಹೇಳೋದಕ್ಕೆ ಕಾರಣ ನಾನೇ ಮಾಡಿದ ತಪ್ಪು. ಕನ್ಸಲ್ಟೆನ್ಸಿಯಲ್ಲಿ ನನ್ನ ಎರಡನೇ ವರ್ಷ. ತಿಂಗಳ ಕೊನೆ, ಟಾರ್ಗೆಟ್ ಮುಗಿದಿರಲಿಲ್ಲ. ಜಾಬ್ ಪೋರ್ಟಲಿನಲ್ಲಿ ಸಿಕ್ಕ ಒಬ್ಬರ ರೆಸ್ಯೂಮೆ ಹುದ್ದೆಗೆ ಹೇಳಿ ಮಾಡಿಸಿದ ಹಾಗಿತ್ತು. ಫೋನಿನಲ್ಲಿ ‘ಆಸಕ್ತಿ ಇದೆಯಾ’ ಅಂತ ಕೇಳಿದೆ, ‘ಇದೆ’ ಅಂದರು. ಕ್ಲೈಂಟ್ ಹೆಸರು ಹೇಳಲಿಲ್ಲ, ಹೇಳಿದರೆ ಅವರೇ ನೇರವಾಗಿ ಹೋಗಿಬಿಡುತ್ತಾರೆ ಅನ್ನೋ ಭಯ. ಕಳಿಸಿಬಿಟ್ಟೆ. ಆ ಕ್ಲೈಂಟ್ ಅವರು ಕೆಲಸ ಮಾಡುತ್ತಿದ್ದ ಕಂಪನಿಯದೇ ಇನ್ನೊಂದು ಶಾಖೆ, ಬೇರೆ ಹೆಸರಿನಲ್ಲಿತ್ತು. ಎರಡೂ ಕಡೆ ಎಚ್‌ಆರ್ ಮುಖ್ಯಸ್ಥರು ಒಬ್ಬರೇ. ಸೋಮವಾರ ಬೆಳಿಗ್ಗೆ ಆ ಮನುಷ್ಯರನ್ನು ಅವರ ಮ್ಯಾನೇಜರ್ ಕ್ಯಾಬಿನಿಗೆ ಕರೆದು ‘ಬಿಟ್ಟು ಹೋಗ್ತಿದ್ದೀರಂತೆ?’ ಅಂತ ಕೇಳಿದರು. ಅವರು ನನಗೆ ಫೋನ್ ಮಾಡಿ ಬೈಯಲಿಲ್ಲ. ‘ಹೆಸರು ಒಂದು ಸಲ ಹೇಳಬಹುದಿತ್ತಲ್ಲ’ ಅಂದರು, ಅಷ್ಟೇ. ಬೈದಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ.

ಇನ್ನೊಂದು ಅಪಾಯ ಡೂಪ್ಲಿಕೇಟ್ ಆಗೋದು. ನಿಮ್ಮದೇ ಸ್ಥಿತಿಯನ್ನು ಹೀಗೆ ಊಹಿಸಿಕೊಳ್ಳಿ. ಮಂಗಳವಾರ ಕನ್ಸಲ್ಟೆನ್ಸಿಯವರಿಗೆ ರೆಸ್ಯೂಮೆ ಕೊಟ್ಟಿರಿ, ಕಂಪನಿ ಯಾವುದು ಅಂತ ಗೊತ್ತಿಲ್ಲ. ಬುಧವಾರ ಇನ್ನೊಂದು ಕನ್ಸಲ್ಟೆನ್ಸಿಗೂ ಕೊಟ್ಟಿರಿ. ಶುಕ್ರವಾರ ಆ ಕಂಪನಿಯ ಎಚ್‌ಆರ್ ನಿಮ್ಮನ್ನು ಲಿಂಕ್ಡ್‌ಇನ್‌ನಲ್ಲಿ ನೋಡಿ ತಾವೇ ಫೋನ್ ಮಾಡಿದರು. ಮಾತು ಚೆನ್ನಾಗಿ ಆಯಿತು. ಅವರು ಸಿಸ್ಟಂನಲ್ಲಿ ನಿಮ್ಮ ಇಮೇಲ್ ಹಾಕುತ್ತಾರೆ. ಎರಡು ಕನ್ಸಲ್ಟೆನ್ಸಿಗಳ, ಅಂದರೆ ಕಂಪನಿಯ ಭಾಷೆಯಲ್ಲಿ ಎರಡು ವೆಂಡರ್‌ಗಳ ಹೆಸರಿನಲ್ಲಿ ನೀವು ಆಗಲೇ ಅಲ್ಲಿದ್ದೀರಿ. ಒಂದು ಸಲ ವೆಂಡರ್ ಹೆಸರಿನಲ್ಲಿ ಬಂದವರು ಒಪ್ಪಂದದ ಪ್ರಕಾರ ಇಂತಿಷ್ಟು ತಿಂಗಳು ಆ ವೆಂಡರ್ ಲೆಕ್ಕಕ್ಕೇ. ಬಹಳ ಕಡೆ ಅದು ಆರು ತಿಂಗಳು. ಈಗ ನಿಮ್ಮನ್ನು ನೇರವಾಗಿ ತಗೊಂಡರೂ ಕಂಪನಿ 4 ಲಕ್ಷ ಕೊಡಬೇಕು, ಮೇಲೆ ಯಾರಿಗೆ ಕೊಡೋದು ಅಂತ ಜಗಳ. ಅಷ್ಟೇ ಒಳ್ಳೆಯ ಇನ್ನೊಬ್ಬ ಅಭ್ಯರ್ಥಿ ಪಕ್ಕದಲ್ಲಿದ್ದರೆ ಎಚ್‌ಆರ್ ಯಾವ ಫೈಲು ಮೊದಲು ತೆಗೆಯುತ್ತಾರೆ ಹೇಳಿ? ನಿಮಗೆ ಯಾರೂ ಕಾರಣ ಹೇಳಲ್ಲ. ಸುಮ್ಮನಾಗುತ್ತಾರೆ. ನಿಮ್ಮ ಎಚ್‌ಆರ್ ಸುಮ್ಮನಾಗಿದ್ದಕ್ಕೂ ಇದೇ ಕಾರಣ ಇರಬಹುದು. ಆ ಕನ್ಸಲ್ಟೆನ್ಸಿಯವರ ಕ್ಲೈಂಟ್ ಯಾರು ಅಂತ ಇವತ್ತೇ ಕೇಳಿ ನೋಡಿ.

ಇದಕ್ಕೆ ಮದ್ದು ಒಂದು ಸಾಲಿನ ಮೇಲ್. ಇಂಗ್ಲಿಷಿನಲ್ಲೇ ಕಳಿಸಿ, ಅರ್ಥ ಇಷ್ಟಿರಲಿ: ‘ಇಂಥ ಕಂಪನಿಯ ಇಂಥ ಹುದ್ದೆಗೆ ಮಾತ್ರ ನನ್ನ ರೆಸ್ಯೂಮೆ ಕಳಿಸಲು ಒಪ್ಪಿಗೆ ಇದೆ. ಬೇರೆ ಯಾವುದಕ್ಕೂ ನನ್ನನ್ನು ಕೇಳದೆ ಕಳಿಸಬೇಡಿ.’ ಜೊತೆಗೆ ಒಂದು ಹಾಳೆಯಲ್ಲಿ ಕಂಪನಿ, ಹುದ್ದೆ, ಯಾರ ಮೂಲಕ, ಯಾವ ತಾರೀಖು ಅಂತ ನೀವೂ ಬರೆದಿಟ್ಟುಕೊಳ್ಳಿ. ನಾಳೆ ಜಗಳ ಬಂದರೆ ತಾರೀಖು ಇರುವವರ ಮಾತು ನಡೆಯುತ್ತದೆ.

ಆಮೇಲೆ ಅವರ ಕೈ ಎಷ್ಟು ದೂರ ಹೋಗುತ್ತದೆ ಅಂತ ಅಳೆಯಿರಿ. ‘ಹೈರಿಂಗ್ ಮ್ಯಾನೇಜರ್ ಜೊತೆ ನೀವೇ ಮಾತಾಡಿದ್ದೀರಾ, ಜೆಡಿ ಮಾತ್ರ ಬಂದಿದೆಯಾ? ಈ ಹುದ್ದೆಗೆ ಎಷ್ಟು ಜನರನ್ನು ಕಳಿಸಿದಿರಿ, ಎಷ್ಟು ಜನ ಮೊದಲ ರೌಂಡ್ ದಾಟಿದರು, ಉಳಿದವರನ್ನು ಯಾಕೆ ಬಿಟ್ಟರು?’ ‘ಎಂಟು ಜನ ಕಳಿಸಿದೆವು, ಇಬ್ಬರು ದಾಟಿದರು. ಉಳಿದವರು ಕೋಡ್ ಬಿಟ್ಟು ಬಹಳ ವರ್ಷ ಆಗಿತ್ತು, ಅದಕ್ಕೆ ಬಿಟ್ಟರು’ ಅಂತ ಉತ್ತರ ಬಂದರೆ ಆ ಮನುಷ್ಯ ಚಿನ್ನ. ಅವರ ನಂಬರ್ ಸೇವ್ ಮಾಡಿಕೊಳ್ಳಿ. ‘ಅರ್ಜೆಂಟ್ ರಿಕ್ವೈರ್‌ಮೆಂಟ್ ಸರ್, ನೀವು ಕಳಿಸಿ ನೋಡೋಣ’ ಅಂದರೆ ಅವರು ಬರೀ ಅಂಚೆ. ಸಂಬಳದ ಚೌಕಾಸಿಯಲ್ಲಿ ಅವರು ನಿಮ್ಮ ಪರ ಅಂತ ಹೇಳುತ್ತಾರೆ. ಅರ್ಧ ನಿಜ. ನಿಮಗೆ 48ರ ಬದಲು 51 ಆದರೆ ಅವರಿಗೆ ಹೆಚ್ಚಾಗೋದು 25 ಸಾವಿರ. ಆ 25 ಸಾವಿರಕ್ಕೋಸ್ಕರ 4 ಲಕ್ಷವನ್ನು ಪಣಕ್ಕಿಡಲು ಯಾರೂ ಹೋಗಲ್ಲ. ‘ತಗೊಳ್ಳಿ ಸರ್, ಒಳ್ಳೇ ಆಫರ್’ ಅನ್ನುವುದರ ಹಿಂದೆ ಈ ಲೆಕ್ಕ ಇದೆ.

ಇನ್ನು ಕಂಪನಿಯ ಒಳಗಿನವರು. ಇವರಿಗೆ ತಿಂಗಳ ಸಂಬಳ ಬರುತ್ತದೆ, ನೀವು ಸೇರಿದರೂ, ಸೇರದಿದ್ದರೂ. ಅವರನ್ನು ಅಳೆಯುವುದು ಎಷ್ಟು ಹುದ್ದೆ ತುಂಬಿದರು, ಎಷ್ಟು ದಿನದಲ್ಲಿ ತುಂಬಿದರು, ಆಫರ್ ಕೊಟ್ಟವರಲ್ಲಿ ಎಷ್ಟು ಜನ ನಿಜಕ್ಕೂ ಸೇರಿದರು ಅನ್ನುವುದರಿಂದ. ಅವರ ಗಿರಾಕಿ ಹೈರಿಂಗ್ ಮ್ಯಾನೇಜರ್. ಒಬ್ಬರನ್ನು ಒಳಗೆ ಕಳಿಸಿ, ಅವರು ಸೊಟ್ಟಗೆ ಮಾತಾಡಿದರೆ ಮ್ಯಾನೇಜರ್ ಬಂದು ಕೇಳೋದು ಇವರನ್ನೇ. ಅದಕ್ಕೆ ಮೊದಲ ಫೋನಿನಲ್ಲಿ ಇವರು ಅಳೆಯೋದು ಒಂದನ್ನು: ಈ ಮನುಷ್ಯ ನಮ್ಮ ಕಂಪನಿಗೆ ಬರಬೇಕು ಅಂತಿದ್ದಾನಾ, ಸುಮ್ನೆ ರೇಟು ಕೇಳುತ್ತಿದ್ದಾನಾ? ನೀವು ಮೊದಲ ಪ್ರಶ್ನೆಯಾಗಿ ಪ್ಯಾಕೇಜ್ ಕೇಳಿದಾಗ ಅವರ ಟಿಪ್ಪಣಿಯಲ್ಲಿ ಏನು ಬಿದ್ದಿರಬಹುದು ಅಂತ ನಾನು ಹೇಳಬಲ್ಲೆ. ನಾನೂ ಎಷ್ಟೋ ಸಲ ಬರೆದಿದ್ದೇನೆ: ‘ಸಂಬಳಕ್ಕಾಗಿ ಹುಡುಕುತ್ತಿದ್ದಾರೆ, ಆಫರ್ ಮೇಲೆ ಆಫರ್ ತೋರಿಸುವ ಸಾಧ್ಯತೆ.’ ಆ ಟಿಪ್ಪಣಿ ಕಂಪನಿಯ ಸಿಸ್ಟಂನಲ್ಲಿ ಉಳಿಯುತ್ತದೆ. ಎರಡು ವರ್ಷ ಬಿಟ್ಟು ಇನ್ನೊಂದು ಹುದ್ದೆಗೆ ಹೋದರೆ ಹೊಸಬರು ಮೊದಲು ಓದೋದು ಅದನ್ನೇ.

ಹಾಗಂತ ಸಂಬಳ ಕೇಳಬಾರದು ಅಂತಲ್ಲ. ಜಾಗ ಬದಲಿಸಿ. ಮೊದಲು ಹುದ್ದೆಯ ಬಗ್ಗೆ ಹತ್ತು ನಿಮಿಷ ಮಾತಾಡಿ, ಕೊನೆಯಲ್ಲಿ ‘ಈ ಲೆವೆಲ್ಲಿಗೆ ನಿಮ್ಮ ಬ್ಯಾಂಡ್ ಎಷ್ಟರಿಂದ ಎಷ್ಟರವರೆಗೆ? ನನ್ನ ನಿರೀಕ್ಷೆ ಅದರೊಳಗೆ ಇದೆಯಾ ಅಂತ ಈಗಲೇ ನೋಡಿಬಿಟ್ಟರೆ ಇಬ್ಬರಿಗೂ ಸಮಯ ಉಳಿಯುತ್ತದೆ’ ಅನ್ನಿ. ಅದೇ ಪ್ರಶ್ನೆ, ಆದರೆ ಈಗ ಅವರ ಕೆಲಸ ಹಗುರ ಮಾಡುತ್ತಿದ್ದೀರಿ. ಬ್ಯಾಂಡ್ ಅನ್ನೋದು ಒಳಗಿನವರ ಶಬ್ದ. ಅದನ್ನು ಬಳಸಿದರೆ ಉತ್ತರವೂ ಅಂಕಿಯಲ್ಲೇ ಬರುವ ಸಾಧ್ಯತೆ ಜಾಸ್ತಿ.

ಇವರ ಹತ್ರ ಸಿಗುವ ಮಾಹಿತಿ ಕನ್ಸಲ್ಟೆನ್ಸಿಯವರಿಗೆ ಕನಸಿನಲ್ಲೂ ಸಿಗಲ್ಲ, ಅದನ್ನು ಕೇಳಿ. ‘ಇದು ಹೊಸ ಹುದ್ದೆಯಾ, ಯಾರಾದರೂ ಬಿಟ್ಟು ಹೋದ ಜಾಗವಾ?’ ಬಿಟ್ಟು ಹೋದ ಜಾಗ ಅಂದರೆ, ‘ಅವರು ಎಷ್ಟು ದಿನ ಇದ್ದರು?’ ಎರಡು ವರ್ಷದಲ್ಲಿ ಮೂವರು ಬಂದು ಹೋಗಿದ್ದರೆ ಆ ಜಾಗದ ವಾಸ್ತು ಸರಿಯಿಲ್ಲ ಅಂತಲೇ ಅರ್ಥ. ‘ಮ್ಯಾನೇಜರ್ ಇಲ್ಲಿಯವರೆಗೆ ನೋಡಿದವರಲ್ಲಿ ಏನು ಕಮ್ಮಿ ಅಂದರು?’ ಇದಕ್ಕೆ ಸಿಗುವ ಉತ್ತರವೇ ನಿಮ್ಮ ಮುಂದಿನ ರೌಂಡಿನ ತಯಾರಿ. ‘ಎಷ್ಟು ರೌಂಡು, ಕೊನೆಯ ಮಾತು ಯಾರದು?’ ಕೊನೆಗೆ, ‘ಹುದ್ದೆಗೆ ಅಪ್ರೂವಲ್ ಸಿಕ್ಕಿದೆಯಾ?’ ಬೆಂಗಳೂರಿನ ಎಷ್ಟೋ ಹುದ್ದೆಗಳ ಅಪ್ರೂವಲ್ ವಿದೇಶದ ಹೆಡ್ ಆಫೀಸಿನಿಂದ ಬರಬೇಕು. ಕ್ವಾರ್ಟರ್ ಕೊನೆಯಲ್ಲಿ ಬಜೆಟ್ ನಿಲ್ಲಿಸಿದರೆ ಮೂರು ರೌಂಡು ಮುಗಿದ ಮೇಲೂ ಹುದ್ದೆ ಹೋಲ್ಡಿಗೆ ಹೋಗುತ್ತದೆ. ಅದನ್ನು ನಿಮಗೆ ಬಾಯಿಬಿಟ್ಟು ಹೇಳುವ ಅನುಮತಿ ಎಷ್ಟೋ ಸಲ ಎಚ್‌ಆರ್‌ಗೆ ಇರಲ್ಲ. ಹಾಗಾಗಿ ಅವರು ಸುಮ್ಮನಾದರೆ ಒಂದು ವಾರ ಬಿಟ್ಟು ಒಂದು ಮೇಲ್ ಹಾಕಿ, ‘ಹುದ್ದೆ ಇನ್ನೂ ಓಪನ್ ಇದೆಯಾ, ಹೋಲ್ಡ್ ಆಗಿದೆಯಾ’ ಅಂತ. ‘ಹೋಲ್ಡ್’ ಅನ್ನುವ ಶಬ್ದವನ್ನು ನೀವೇ ಹಾಕಿಕೊಟ್ಟರೆ ಅವರಿಗೆ ಹೂಂ ಅನ್ನುವುದು ಸುಲಭ.

ಒಂದು ಸಣ್ಣ ಗೊಂದಲ ಇಲ್ಲೇ ಹೇಳಿಬಿಡುತ್ತೇನೆ. ಕಂಪನಿಯ ಮೇಲ್ ಐಡಿ ಇದ್ದ ಮಾತ್ರಕ್ಕೆ ಒಳಗಿನವರು ಅಂತ ಆಗಲ್ಲ. ಹೊರಗಿನ ಸಂಸ್ಥೆಯ ಜನ ಕಂಪನಿಯ ಒಳಗೆ ಕೂತು ಅವರ ಹೆಸರಿನಲ್ಲೇ ನೇಮಕಾತಿ ಮಾಡುವ ಪದ್ಧತಿ ಇದೆ, ಆರ್‌ಪಿಒ ಅಂತಾರೆ. ಅವರ ಹತ್ರ ಒಳಗಿನವರ ಹಾಗೇ ಮಾತಾಡಿ, ಆದರೆ ಟೀಮಿನ ಒಳಗುಟ್ಟು ಅವರಿಗೆ ಗೊತ್ತಿರುತ್ತದೆ ಅಂತ ಜಾಸ್ತಿ ನಿರೀಕ್ಷೆ ಬೇಡ.

ಮೂರನೆಯವರು, ಎಕ್ಸಿಕ್ಯುಟಿವ್ ಸರ್ಚ್. ಸ್ಪೆನ್ಸರ್ ಸ್ಟುವರ್ಟ್, ಹೈಡ್ರಿಕ್ ಅಂಡ್ ಸ್ಟ್ರಗಲ್ಸ್, ಕಾರ್ನ್ ಫೆರಿ, ಈಗಾನ್ ಝೆಂಡರ್, ರಸೆಲ್ ರೆನಾಲ್ಡ್ಸ್, ಇವು ಜಗತ್ತಿನಲ್ಲಿ ಈ ಕೆಲಸಕ್ಕೆ ಹೆಸರಾದ ಐದು ಸಂಸ್ಥೆಗಳು. ಇದರಲ್ಲಿ ಹಳೆಯದು ಹೈಡ್ರಿಕ್, 1953ರಲ್ಲಿ ಶಿಕಾಗೋದಲ್ಲಿ ಶುರುವಾಯಿತು. ಇಲ್ಲಿ ದುಡ್ಡಿನ ರೀತಿಯೇ ಬೇರೆ. ಕಂಪನಿ ಒಂದೇ ಸಂಸ್ಥೆಗೆ ಕೆಲಸ ಒಪ್ಪಿಸಿ ಮುಂಗಡ ಕೊಡುತ್ತದೆ. ರೂಢಿಯ ಫೀಸು ಮೊದಲ ವರ್ಷದ ಸಂಬಳದ ಮೂರನೇ ಒಂದು ಭಾಗದ ಆಸುಪಾಸು. ಅದನ್ನು ಸಾಮಾನ್ಯವಾಗಿ ಮೂರು ಕಂತಿನಲ್ಲಿ ಕೊಡುತ್ತಾರೆ. ಈಗಾನ್ ಝೆಂಡರ್ ಮಾತ್ರ ಪರ್ಸೆಂಟ್ ಲೆಕ್ಕ ಬಿಟ್ಟು ಮೊದಲೇ ಗೊತ್ತುಮಾಡಿದ ಮೊತ್ತ ತಗೊಳ್ಳುವುದಕ್ಕೆ ಹೆಸರಾಗಿದೆ.

ಮುಂಗಡ ಕೈಗೆ ಬಂದಿರುವುದರಿಂದ ಇವರಿಗೆ ಆತುರ ಇಲ್ಲ. ನಿಮ್ಮನ್ನೇ ಸೇರಿಸಬೇಕು ಅಂತಲೂ ಇಲ್ಲ. ಅವರು ಮಾರುತ್ತಿರುವುದು ತಮ್ಮ ಅಂದಾಜನ್ನು. ಬೋರ್ಡಿನ ಮುಂದೆ ನಾಲ್ಕೈದು ಹೆಸರಿನ ಪಟ್ಟಿ ಇಟ್ಟು, ‘ಇವರು ಯಾಕೆ, ಅವರು ಯಾಕಲ್ಲ’ ಅಂತ ಬರೆದು ಸಹಿ ಹಾಕುವ ಕೆಲಸ. ಹಾಗಾಗಿ ಮೊದಲ ಫೋನು ಬಹಳ ಸಲ ನಿಮಗಾಗಿ ಆಗಿರುವುದೇ ಇಲ್ಲ. ‘ಇಂಥ ಒಂದು ಹುದ್ದೆ ಇದೆ, ನಿಮಗೆ ಯಾರಾದರೂ ಗೊತ್ತಾ?’ ಅಂತ ಕೇಳುತ್ತಾರೆ. ಅದು ವರದಕ್ಷಿಣೆ ವಿಷಯ ಎತ್ತದೆ ‘ನಿಮ್ಮ ಕಡೆ ಒಳ್ಳೆ ಮನೆತನ ಯಾವುದಾದರೂ ಇದ್ದರೆ ಹೇಳಿ’ ಅಂತ ಹಿರಿಯರು ಬಂದು ಕೂತ ಹಾಗೆ. ಅವರು ನಿಮ್ಮನ್ನೂ ನೋಡುತ್ತಿದ್ದಾರೆ, ನಿಮ್ಮ ಮೂಲಕ ಇನ್ನೊಬ್ಬರನ್ನೂ ನೋಡುತ್ತಿದ್ದಾರೆ. ಅಲ್ಲಿ ‘ನನ್ನ ಸಿಟಿಸಿ ಇಷ್ಟು, ನೋಟಿಸ್ 90 ದಿನ, ಎಷ್ಟು ಕೊಡ್ತಾರೆ’ ಅಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ‘ಮತ್ತೆ ಮಾತಾಡೋಣ’ ಅನ್ನೋದು ಅವರ ಭಾಷೆಯಲ್ಲಿ ‘ಈಗ ಬೇಡ’.

ಇವರ ಹತ್ರ ನಿಧಾನವಾಗಿ ಮಾತಾಡಿ. ಸುತ್ತ ಜನ ಇದ್ದರೆ ‘ಸಂಜೆ ಏಳಕ್ಕೆ ಮಾಡಬಹುದಾ’ ಅನ್ನಿ, ಅವರು ಬೇಸರ ಮಾಡಿಕೊಳ್ಳಲ್ಲ. ಕ್ಲೈಂಟ್ ಹೆಸರು ಹೇಳದಿದ್ದರೆ ಇಲ್ಲಿ ಒತ್ತಾಯ ಮಾಡಬೇಡಿ. ಕನ್ಸಲ್ಟೆನ್ಸಿಯವರು ಹೆಸರು ಮುಚ್ಚಿಡೋದು ನೀವು ನೇರವಾಗಿ ಹೋಗುತ್ತೀರಿ ಅಂತ. ಇವರು ಮುಚ್ಚಿಡೋದು ಆ ಕುರ್ಚಿಯಲ್ಲಿ ಇನ್ನೂ ಒಬ್ಬರು ಕೂತಿರಬಹುದು ಅಂತ, ಅವರಿಗೇ ಗೊತ್ತಿಲ್ಲದೆ ಹುಡುಕಾಟ ನಡೆಯುತ್ತಿರಬಹುದು ಅಂತ. ಆದರೆ ನಿಮ್ಮ ರೆಸ್ಯೂಮೆ ಹೊರಗೆ ಹೋಗುವ ಮೊದಲು ಹೆಸರು ಹೇಳಬೇಕು ಅನ್ನುವ ಮಾತು ಇಲ್ಲೂ ಪಕ್ಕಾ ಮಾಡಿಕೊಳ್ಳಿ.

ಇವರಿಗೆ ಹೇಳಬೇಕಾದ್ದು ಅಂಕಿ ಅಲ್ಲ, ತೀರ್ಮಾನ. ‘25 ಜನರ ಟೀಮ್ ನಡೆಸುತ್ತೇನೆ’ ಅಂದರೆ ಅವರಿಗೆ ಏನೂ ಸಿಗಲಿಲ್ಲ. ‘ಎರಡು ಟೀಮ್ ಒಂದೇ ಕೆಲಸ ಮಾಡುತ್ತಿದ್ದವು. ಸೇರಿಸೋಣ ಅಂದಾಗ ಒಬ್ಬ ಲೀಡ್ ಬಿಟ್ಟುಹೋದರು. ಆದರೂ ಸೇರಿಸಿದೆ. ಇವತ್ತಾಗಿದ್ದರೆ ಇನ್ನೂ ಮೂರು ತಿಂಗಳು ಕಾಯುತ್ತಿದ್ದೆ’ ಅಂದರೆ ಅವರು ಪೆನ್ನು ಕೈಗೆ ತಗೊಳ್ಳುತ್ತಾರೆ. ಅವರನ್ನು ಕೇಳಬೇಕಾದ್ದು: ‘ಹದಿನೆಂಟು ತಿಂಗಳಲ್ಲಿ ಏನಾದರೆ ಇವರನ್ನು ತಗೊಂಡಿದ್ದು ಸರಿ ಅಂತ ಬೋರ್ಡ್ ಅನ್ನುತ್ತದೆ? ಒಳಗಿನವರು ಯಾರಾದರೂ ಇದೇ ಹುದ್ದೆಗೆ ಆಸೆ ಪಟ್ಟಿದ್ದಾರಾ? ಹುಡುಕಾಟ ಈಗ ಶುರುವಿನಲ್ಲಿದೆಯಾ, ಕೊನೆಯ ಪಟ್ಟಿ ಆಗಿಬಿಟ್ಟಿದೆಯಾ?’ ಕೊನೆಯ ಪಟ್ಟಿ ಆದ ಮೇಲೆ ಬಂದ ಫೋನು ಎಷ್ಟೋ ಸಲ ಹೋಲಿಕೆಗೆ ಇನ್ನೊಂದು ಹೆಸರು ಬೇಕು ಅಂತ ಬಂದಿರುತ್ತದೆ.

ಒಂದು ಮಾತು ಮುಖ ನೋಡದೆ ಹೇಳುತ್ತೇನೆ. ನಿಜವಾದ ಸರ್ಚ್ ಸಂಸ್ಥೆಗಳು ಸಾಮಾನ್ಯವಾಗಿ ಡೈರೆಕ್ಟರ್, ವಿಪಿ ಮಟ್ಟದಿಂದ ಮೇಲಕ್ಕೆ ಹುಡುಕುತ್ತವೆ. ಇಂಜಿನಿಯರಿಂಗ್ ಮ್ಯಾನೇಜರ್ ಹುದ್ದೆಗೆ ಯಾರಾದರೂ ‘ಎಕ್ಸಿಕ್ಯುಟಿವ್ ಸರ್ಚ್’ ಅಂತ ಫೋನ್ ಮಾಡಿದರೆ ಅದು ಕೋಟು ಹಾಕಿಕೊಂಡ ಕನ್ಸಲ್ಟೆನ್ಸಿ ಆಗಿರುವುದೇ ಹೆಚ್ಚು. ತಿಳಿಯಲು ಒಂದು ಪ್ರಶ್ನೆ ಸಾಕು: ‘ಇದು ರಿಟೇನ್ಡ್ ಮ್ಯಾಂಡೇಟಾ, ಕಂಟಿಂಜೆಂಟಾ?’ ಅಂದರೆ ಮುಂಗಡ ತಗೊಂಡ ಕೆಲಸವಾ, ಜನ ಸೇರಿದ ಮೇಲೆ ದುಡ್ಡು ಬರುವ ಕೆಲಸವಾ ಅಂತ. ಮುಂಗಡ ತಗೊಂಡಿರುವವರು ‘ರಿಟೇನ್ಡ್, ನಾವೊಬ್ಬರೇ’ ಅಂತ ತಕ್ಷಣ ಹೇಳುತ್ತಾರೆ, ಹೆಮ್ಮೆಯಿಂದ. ಇಲ್ಲದವರು ‘ನಮಗೆ ಮ್ಯಾನೇಜ್‌ಮೆಂಟ್ ಜೊತೆ ಒಳ್ಳೆ ಸಂಬಂಧ ಇದೆ’ ಅಂತ ಸುತ್ತು ಹಾಕುತ್ತಾರೆ. ಆಗ ಮೇಲೆ ಹೇಳಿದ ಒಪ್ಪಿಗೆಯ ಮೇಲ್ ಇವರಿಗೂ ಬೇಕು.

ನಿಮ್ಮ ಮೂರನೆಯವರು ‘ಯಾರಾದರೂ ಗೊತ್ತಾ’ ಅಂತ ಕೇಳಿದ್ದರಾ, ನೆನಪು ಮಾಡಿಕೊಳ್ಳಿ. ಕೇಳಿದ್ದರೆ ಅವರು ನಿಜವಾದ ಸರ್ಚಿನವರೇ ಆಗಿರಬಹುದು, ನೀವು ಆಗ ತಲೆ ಕೆಡಿಸಿಕೊಳ್ಳದೆ ಬಿಟ್ಟಿರುತ್ತೀರಿ. ನಿಮ್ಮ ಹಳೆಯ ಮ್ಯಾನೇಜರ್‌ಗಳಲ್ಲಿ ಆ ಹುದ್ದೆಗೆ ಹೊಂದುವವರು ಇದ್ದರೆ ಮೊದಲು ಅವರನ್ನು ಕೇಳಿ, ಒಪ್ಪಿದರೆ ಸರ್ಚಿನವರಿಗೆ ಒಂದು ಮೆಸೇಜ್ ಹಾಕಿ: ‘ಅವತ್ತು ಕೇಳಿದ್ದಿರಲ್ಲ, ಇವರ ಜೊತೆ ಮಾತಾಡಿ ನೋಡಿ.’ ನಿಮ್ಮ ಬಗ್ಗೆ ಅದರಲ್ಲಿ ಒಂದಕ್ಷರವೂ ಬೇಡ.